ಹುಡುಕುಪದ ಹೆಚ್ಚಿದರೆ ಗಿರಾಕಿ ಹೆಚ್ಚುವನೇ?

ಸೊಲ್ಲಾಪುರದ ಶೇಂಗಾ ಚಟ್ನಿಯ ಹೆಸರು ದೂರದವರೆಗೆ ಹೋಗಿದೆ. ಹುರಿದ ಶೇಂಗಾ, ಬಳ್ಳೊಳ್ಳಿ, ಕೆಂಪು ಖಾರ, ಜೀರಗಿ, ಉಪ್ಪು ಇವಿಷ್ಟನ್ನು ಎಣ್ಣೆ ಬಿಡುವವರೆಗೆ ಕುಟ್ಟಿದರೆ ಆಗುವ ಈ ಚಟ್ನಿಯನ್ನು ನಮ್ಮ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಮಾಡುತ್ತಾರೆ. ಈಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳ ಉಳಿತಾಯ ಗುಂಪುಗಳೂ, ಕೆಲವು ಒಕ್ಕಲಿಗ ಮನೆತನಗಳೂ ಇದನ್ನು ಪೊಟ್ಟಣ ಕಟ್ಟಿ, ಅಮೆಜಾನ್, ಫ್ಲಿಪ್‌ಕಾರ್ಟ್ ಮೊದಲಾದ ಮೊಬೈಲ್ ಅಂಗಡಿಗಳಲ್ಲಿ ಮಾರಲು ತೊಡಗಿವೆ. ಹಾಗೆ ಮಾರುವವರೆಲ್ಲರಿಗೂ ಒಂದು ಪ್ರಶ್ನೆ ಬಂದೇ ಬರುತ್ತದೆ: ಸರಕಿನ ಹೆಸರಿನಲ್ಲಿ ಎಷ್ಟು ಪದಗಳನ್ನು ತುಂಬಬೇಕು? ಹೆಚ್ಚು ಪದ ಹಾಕಿದಷ್ಟೂ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ, ಹೆಚ್ಚು ಜನ ಕಂಡರೆ ಹೆಚ್ಚು ಮಾರಾಟವಾಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದರ ಮೊದಲನೆಯ ಮಾತು ಅರ್ಧ ನಿಜ. ಎರಡನೆಯದು ಎಷ್ಟೋ ಸಲ ಸುಳ್ಳು. ಅದು ಹೇಗೆಂಬುದನ್ನು ಈ ವಾರ ಶೇಂಗಾ ಚಟ್ನಿಯ ಉದಾಹರಣೆಯಿಂದಲೇ ತಿಳಿದುಕೊಳ್ಳೋಣ.

ಮೊದಲು ಎರಡು ಮಾತುಗಳ ಅರ್ಥ ಗೊತ್ತಿರಬೇಕು. ಅಂಗಡಿಯಲ್ಲಿ ನಮ್ಮ ಸರಕಿಗೆ ಒಂದು ಪುಟ ಸಿಗುತ್ತದೆ. ಅದರಲ್ಲಿ ಹೆಸರು, ಚಿತ್ರ, ಬೆಲೆ, ವಿವರಣೆ ಇರುತ್ತವೆ. ಇದಕ್ಕೆ ಲಿಸ್ಟಿಂಗ್ ಎನ್ನುತ್ತಾರೆ. ಗಿರಾಕಿಯು ಹುಡುಕುವ ಜಾಗದಲ್ಲಿ ಬರೆಯುವ ಮಾತಿಗೆ ಸರಿಹೊಂದಲಿ ಎಂದು ನಾವು ಆ ಪುಟದಲ್ಲಿ ಇಡುವ ಪದವೇ ಹುಡುಕುಪದ, ಎಂದರೆ ಕೀವರ್ಡ್.

ಅಂಗಡಿಯವನು ಮಾಡುವ ಎರಡು ಕೆಲಸ

ಪುಣೆಯಲ್ಲಿ ಕುಳಿತ ಒಬ್ಬ ಗಿರಾಕಿ shenga chutney ಎಂದು ಬರೆದನೆನ್ನಿ. ಆಗ ಅಂಗಡಿಯ ಯಂತ್ರವು ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯ ಹಂತದಲ್ಲಿ ಆ ಪದಗಳಿರುವ ಪುಟಗಳನ್ನೆಲ್ಲ ಒಟ್ಟುಮಾಡುತ್ತದೆ. ಇಲ್ಲಿ ಪದ ಇರಬೇಕಾದುದು ಅವಶ್ಯ. ಪದವೇ ಇಲ್ಲದಿದ್ದರೆ ನಮ್ಮ ಪೊಟ್ಟಣ ಆ ರಾಶಿಗೆ ಸೇರುವುದು ಕಷ್ಟ. ಎರಡನೆಯ ಹಂತದಲ್ಲಿ ಆ ರಾಶಿಯಲ್ಲಿ ಯಾವುದನ್ನು ಮೇಲಿಡಬೇಕು, ಯಾವುದನ್ನು ಕೆಳಗಿಡಬೇಕು ಎಂದು ಸಾಲು ಹಚ್ಚುತ್ತದೆ. ಜನರು ಪದಗಳನ್ನು ತುಂಬುವಾಗ ಮೊದಲನೆಯ ಹಂತವನ್ನಷ್ಟೇ ನೆನೆಯುತ್ತಾರೆ. ಲಾಭ ನಷ್ಟ ತೀರ್ಮಾನವಾಗುವುದು ಎರಡನೆಯ ಹಂತದಲ್ಲಿ. ಮೊಬೈಲಿನ ಪರದೆಯಲ್ಲಿ ಒಂದು ಸಲಕ್ಕೆ ಕಾಣುವುದು ನಾಲ್ಕಾರು ಸರಕು ಮಾತ್ರ; ಬಹಳ ಕೆಳಗೆ ಹೋದ ಪೊಟ್ಟಣ ರಾಶಿಯಲ್ಲಿದ್ದೂ ಇಲ್ಲದಂತೆಯೇ.

ಸಾಲು ಹಚ್ಚುವಾಗ ಯಂತ್ರವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮಾತನ್ನು ಹುಡುಕಿದವನು ಈ ಸರಕನ್ನು ಕೊಂಡಾನೇ? ಇದಕ್ಕೆ ಕಾರಣವೂ ಸರಳವಾಗಿದೆ. ಸರಕು ಮಾರಾಟವಾದರೆ ಮಾತ್ರ ಅಂಗಡಿಯವನಿಗೆ ದಲಾಲಿ ಸಿಗುತ್ತದೆ. ನಮ್ಮ ಅಡತಿಯವನೂ ಹಾಗೆಯೇ ಅಲ್ಲವೇ? ಮಾಲು ಹೋದರೆ ಅವನಿಗೆ ಅಡತಿ. ಅಮೆಜಾನ್ ಕಂಪನಿಯ ಇಬ್ಬರು ಪರಿಣತರು 2016ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ತಮ್ಮ ಹುಡುಕಾಟದ ಸಾಲು ಗಿರಾಕಿಗಳ ಕೊಳ್ಳುವ ನಡವಳಿಕೆಯಿಂದಲೇ ಕಲಿತುಕೊಳ್ಳುತ್ತದೆಂದು ವಿವರಿಸಿದ್ದಾರೆ. ಹಿಂದೆ ಹುಡುಕಿದವರು ಯಾವುದನ್ನು ತೆರೆದು ನೋಡಿದರು, ಯಾವುದನ್ನು ಕೊಂಡರು ಎಂಬ ಲೆಕ್ಕವೇ ಅದಕ್ಕೆ ಗುರು.

ಇಲ್ಲಿಂದ ಎರಡು ಗುಣಗಳು ಮುಖ್ಯವಾಗುತ್ತವೆ. ಒಂದು, ಹೊಂದಿಕೆ: ಗಿರಾಕಿ ಕೇಳಿದ್ದಕ್ಕೂ ನಾವು ಇಟ್ಟದ್ದಕ್ಕೂ ಇರುವ ನಂಟು. ಇನ್ನೊಂದು, ಕೊಳ್ಳುವ ಪ್ರಮಾಣ: ಪುಟ ತೆರೆದ ನೂರು ಜನರಲ್ಲಿ ಎಷ್ಟು ಜನ ಕೊಂಡರು ಎಂಬ ಲೆಕ್ಕ. ಹೊಂದಿಕೆ ಕೆಟ್ಟರೆ ಕೊಳ್ಳುವ ಪ್ರಮಾಣ ಇಳಿಯುತ್ತದೆ. ಅದು ಇಳಿದರೆ ಸಾಲಿನಲ್ಲಿಯ ಸ್ಥಾನವೂ ಇಳಿಯುತ್ತದೆ.

ಒಂದು ಗುಂಪಿನ ಲೆಕ್ಕ

ಅಕ್ಕಲಕೋಟ ತಾಲೂಕಿನ ಒಂದು ಮಹಿಳಾ ಗುಂಪು ಕಾಲು ಕಿಲೋ ಪೊಟ್ಟಣದ ಚಟ್ನಿಯನ್ನು ಮಾರುತ್ತದೆಂದು ಇಟ್ಟುಕೊಳ್ಳೋಣ. ಅಂಕಿಗಳು ತಿಳಿಯಲೆಂದು ನಾವು ಹಿಡಿದವು. ಆದರೆ ಅವು ನಡೆಯುವ ರೀತಿ ನಿಜವಾದದ್ದು. ಮೊದಲ ತಿಂಗಳು ಸರಕಿನ ಹೆಸರು ಹೀಗಿತ್ತು:

```
Solapuri Shenga Chutney, Dry Peanut Garlic Chutney, 250 g
```

ಆ ತಿಂಗಳು ಪೊಟ್ಟಣವು 2000 ಸಲ ಗಿರಾಕಿಗಳ ಪರದೆಯ ಮೇಲೆ ಬಂದಿತು. 100 ಜನ ಪುಟ ತೆರೆದರು. 8 ಜನ ಕೊಂಡರು. ಇನ್ನಷ್ಟು ಜನ ನೋಡಲೆಂದು ಯಾರೋ ಸಲಹೆ ಕೊಟ್ಟದ್ದರಿಂದ ಎರಡನೆಯ ತಿಂಗಳು ಹೆಸರನ್ನು ಹೀಗೆ ಮಾಡಿದರು:

```
Shenga Chutney Peanut Butter Idli Podi Dosa Masala Pickle
Protein Snack Diwali Gift Healthy Best Solapur
```

ಈಗ ಪೊಟ್ಟಣವು 5000 ಸಲ ಕಂಡಿತು. 150 ಜನ ತೆರೆದರು, 9 ಜನ ಕೊಂಡರು. ಮೇಲುನೋಟಕ್ಕೆ ಎಲ್ಲವೂ ಏರಿದಂತಿದೆ. ಆದರೆ ಬೇರ್ಪಡಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ಶೇಂಗಾ ಚಟ್ನಿ ಎಂದೇ ಹುಡುಕಿದವರಿಗೆ ಪೊಟ್ಟಣವು ಹಿಂದಿನಂತೆ 2000 ಸಲವೇ ಕಂಡಿತು. ಅವರಲ್ಲಿ ತೆರೆದವರು 100 ಇದ್ದದ್ದು 90ಕ್ಕೆ ಇಳಿಯಿತು, ಕೊಂಡವರು 7. ಹೊಸ ಪದಗಳಿಂದ 3000 ಸಲ ಕಂಡು, 60 ಜನ ತೆರೆದು, 2 ಜನ ಮಾತ್ರ ಕೊಂಡರು. ಎಂದರೆ ಹಳೆಯ ನಂಬಿಗೆಯ ಗಿರಾಕಿಗಳಲ್ಲಿ ಕೆಲವರು ಹೋದರು, ಅವರ ಬದಲು ಕೊಳ್ಳದ ಜನ ಬಂದರು.

ಮೂರನೆಯ ತಿಂಗಳು ಇದರ ಪರಿಣಾಮ ಸಾಲಿನ ಮೇಲೆ ಬಿದ್ದಿತು. ಯಂತ್ರದ ಲೆಕ್ಕದಲ್ಲಿ ಈ ಪೊಟ್ಟಣವು ಈಗ ತೋರಿಸಿದರೂ ಜನ ತೆರೆಯದ, ತೆರೆದರೂ ಕೊಳ್ಳದ ಸರಕು. ತನ್ನ ಸ್ವಂತ ಹೆಸರಿನ ಹುಡುಕಾಟದಲ್ಲಿಯೇ ಅದು ಕೆಳಗೆ ಸರಿದು, 2000ದ ಬದಲು 1200 ಸಲ ಕಂಡಿತು. 54 ಜನ ತೆರೆದರು, 4 ಜನ ಕೊಂಡರು. ಉಳಿದ ಪದಗಳಿಂದ 2200 ಸಲ ಕಂಡು, 44 ಜನ ತೆರೆದು, ಒಬ್ಬರು ಕೊಂಡರು. ಒಟ್ಟು 3400 ಸಲ ಕಂಡಿತು, 98 ಜನ ತೆರೆದರು, 5 ಪೊಟ್ಟಣ ಹೋದವು. ಮೊದಲ ತಿಂಗಳೊಡನೆ ಹೋಲಿಸಿರಿ: ಕಂಡದ್ದು ಹೆಚ್ಚು, ತೆರೆದವರು ಹೆಚ್ಚುಕಡಿಮೆ ಅಷ್ಟೇ, ಕೊಂಡವರು ಎಂಟರಿಂದ ಐದಕ್ಕೆ ಇಳಿದರು.

ಜಾಹೀರಾತಿಗೆ ಹಣ ಕೊಡುವವರಿಗೆ ಈ ಪೆಟ್ಟು ಇನ್ನೂ ಬೇಗ ತಿಳಿಯುತ್ತದೆ. ಅಲ್ಲಿ ಪುಟ ತೆರೆದ ಪ್ರತಿಯೊಬ್ಬನಿಗೂ ನಾವು ಹಣ ಕೊಡಬೇಕು, ಅವನು ಕೊಳ್ಳಲಿ ಬಿಡಲಿ. ಒಂದು ಸಲ ತೆರೆದದ್ದಕ್ಕೆ 4 ರೂಪಾಯಿ ಎಂದು ಹಿಡಿದರೆ, ಮೊದಲ ತಿಂಗಳು 400 ರೂಪಾಯಿಗೆ 8 ಪೊಟ್ಟಣ, ಎಂದರೆ ಪೊಟ್ಟಣಕ್ಕೆ 50 ರೂಪಾಯಿ ಖರ್ಚು. ಮೂರನೆಯ ತಿಂಗಳು 392 ರೂಪಾಯಿಗೆ 5 ಪೊಟ್ಟಣ, ಎಂದರೆ ಪೊಟ್ಟಣಕ್ಕೆ ಸುಮಾರು 78 ರೂಪಾಯಿ. ಶೇಂಗಾ, ಖಾರ, ಪೊಟ್ಟಣ, ದಲಾಲಿ, ಸಾಗಣೆ ಎಲ್ಲ ಕಳೆದು ಗುಂಪಿಗೆ 60 ರೂಪಾಯಿ ಉಳಿಯುತ್ತಿದ್ದರೆ, ಮೊದಲ ತಿಂಗಳು ಪೊಟ್ಟಣಕ್ಕೆ 10 ರೂಪಾಯಿ ಲಾಭ. ಮೂರನೆಯ ತಿಂಗಳು 18 ರೂಪಾಯಿ ಹಾನಿ. ಚಟ್ನಿ ಅದೇ, ಕುಟ್ಟಿದ ಕೈಗಳೂ ಅವೇ. ಬದಲಾದದ್ದು ಹೆಸರಿನ ಸಾಲು ಮಾತ್ರ.

ಹಾನಿ ಆಗುವ ದಾರಿಗಳು

ಮೊದಲನೆಯ ದಾರಿ ಕಣ್ಣಿನದು. ಮೊಬೈಲಿನಲ್ಲಿ ಸರಕಿನ ಹೆಸರು ಪೂರ್ತಿ ಕಾಣುವುದಿಲ್ಲ. ಮೊದಲಿನ ಭಾಗ ಕಂಡು ಉಳಿದದ್ದು ಕತ್ತರಿಸಿ ಹೋಗುತ್ತದೆ. ಎರಡನೆಯ ಹೆಸರನ್ನು ನೋಡಿದವನಿಗೆ ಇದು ಚಟ್ನಿಯೋ, ಬ್ರೆಡ್ಡಿಗೆ ಹಚ್ಚುವ ಶೇಂಗಾ ಬೆಣ್ಣೆಯೋ, ಇಡ್ಲಿಯ ಪುಡಿಯೋ ತಿಳಿಯದು. ಒಣದೋ ಹಸಿಯದೋ, ತೂಕವೆಷ್ಟು ಎಂಬುದಂತೂ ಎಲ್ಲಿಯೂ ಇಲ್ಲ. ನಮ್ಮ ಚಟ್ನಿಯನ್ನೇ ಹುಡುಕಿ ಬಂದವನೂ ಅನುಮಾನಪಟ್ಟು ಪಕ್ಕದ ಪೊಟ್ಟಣ ತೆರೆಯುತ್ತಾನೆ. ನೂರು ಜನರಲ್ಲಿ ಹತ್ತು ಜನ ಕಡಿಮೆಯಾದದ್ದು ಇದರಿಂದಲೇ. ಇಂಥ ತುಂಬುವಿಕೆಯನ್ನು ತಡೆಯಲೆಂದೇ ಅಮೆಜಾನ್ 2025ರ ಜನವರಿ 21ರಿಂದ ಬಹುತೇಕ ವಿಭಾಗಗಳಲ್ಲಿ ಸರಕಿನ ಹೆಸರು 200 ಅಕ್ಷರಗಳನ್ನು ಮೀರಬಾರದು, ಒಂದೇ ಪದ ಎರಡು ಸಲಕ್ಕಿಂತ ಹೆಚ್ಚು ಬರಬಾರದು ಎಂದು ನಿಯಮ ಮಾಡಿದೆ. ಇನ್ನೂರು ಎಂಬುದು ಮಿತಿ. ಅಷ್ಟನ್ನೂ ತುಂಬಬೇಕೆಂಬ ಆಜ್ಞೆಯಲ್ಲ.

ಎರಡನೆಯ ದಾರಿ ತಪ್ಪು ಗಿರಾಕಿಯದು. ಇಡ್ಲಿ ಪುಡಿ ಹುಡುಕುವವನಿಗೆ ಬೇಕಾದುದು ಬೇಳೆಗಳನ್ನು ಹುರಿದು ಮಾಡಿದ ಪುಡಿ. ಶೇಂಗಾ ಬೆಣ್ಣೆ ಹುಡುಕುವವನಿಗೆ ಖಾರವೂ ಬಳ್ಳೊಳ್ಳಿಯೂ ಬೇಡ. ಅವರು ನಮ್ಮ ಪುಟ ತೆರೆದು ಹಿಂದಿರುಗಿದರೆ ಕೊಳ್ಳುವ ಪ್ರಮಾಣ ಕೆಡುತ್ತದೆ. ಅಕಸ್ಮಾತ್ ಕೊಂಡರೆ ಇನ್ನೂ ಕೆಟ್ಟದ್ದು. ಮಗುವಿನ ಬ್ರೆಡ್ಡಿಗೆಂದು ತರಿಸಿದವನು ನಮ್ಮ ಖಾರ ತಿಂದು ಒಂದೇ ನಕ್ಷತ್ರ ಕೊಡುತ್ತಾನೆ. ಆ ಒಂದು ನಕ್ಷತ್ರವು ಶೇಂಗಾ ಬೆಣ್ಣೆಯ ಹುಡುಕಾಟದಲ್ಲಿ ಮಾತ್ರ ಉಳಿಯುವುದಿಲ್ಲ. ಸರಕಿನ ಹೆಗಲೇರಿ, ಶೇಂಗಾ ಚಟ್ನಿಯನ್ನೇ ಬಯಸಿ ಬಂದವನ ಕಣ್ಣಿಗೂ ಬೀಳುತ್ತದೆ.

ಮೂರನೆಯ ದಾರಿ ಲೆಕ್ಕದ್ದು. ಯಂತ್ರವು ಹುಡುಕುಪದಕ್ಕೊಂದರಂತೆ ಲೆಕ್ಕ ಇಡುವುದುಂಟು. ಜೊತೆಗೆ ಸರಕಿನ ಒಟ್ಟು ಮಾರಾಟ, ಒಟ್ಟು ನಡತೆಯನ್ನೂ ನೋಡುವುದುಂಟು. ಆದುದರಿಂದ ಒಂದು ಪದದಲ್ಲಿ ಆದ ಸೋಲು ಇನ್ನೊಂದಕ್ಕೆ ಸ್ವಲ್ಪ ತಟ್ಟುತ್ತದೆ. ಎಷ್ಟು ತಟ್ಟುತ್ತದೆಂಬುದನ್ನು ಯಾವ ಅಂಗಡಿಯವನೂ ಬಿಚ್ಚಿ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ, ಹೆಸರಿನಲ್ಲಿ ಕಾಣದಂತೆ ಒಳಗೆ ಇಟ್ಟ ಒಂದು ಅಡ್ಡಪದದಿಂದ ದೊಡ್ಡ ಅನಾಹುತವೇನೂ ಆಗದು. ಅದಕ್ಕೆ ಜನ ಕೊಳ್ಳದಿದ್ದರೆ ಯಂತ್ರವೇ ಕ್ರಮೇಣ ಆ ಹುಡುಕಾಟದಲ್ಲಿ ನಮ್ಮನ್ನು ತೋರಿಸುವುದನ್ನು ನಿಲ್ಲಿಸುತ್ತದೆ. ದೊಡ್ಡ ಹಾನಿ ಮೊದಲಿನ ಎರಡು ದಾರಿಗಳಿಂದಲೇ.

ನಿಜವಾದ ಪದವೂ ಮೋಸ ಮಾಡೀತು

ಸುಳ್ಳು ಪದ ಬೇಡವೆಂಬುದು ಎಲ್ಲರಿಗೂ ಒಪ್ಪಿಗೆ. ನಿಜವಾದ ಪದವೂ ಕೆಲವು ಸಲ ಬೇರೆ ಗಿರಾಕಿಯನ್ನು ಕರೆತರುತ್ತದೆಂಬುದು ಅಷ್ಟು ಸುಲಭವಾಗಿ ಹೊಳೆಯದು. ನಮ್ಮ ಮಾತನ್ನೇ ನೋಡಿರಿ. ನಾವು ಈ ಚಟ್ನಿಗೆ ಶೇಂಗಾ ಹಿಂಡಿ ಎನ್ನುತ್ತೇವೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದು, ಎಮ್ಮೆಗೆ ಹಾಕುವ ಗಟ್ಟಿಗೂ ಶೇಂಗಾ ಹಿಂಡಿ ಎಂದೇ ಹೆಸರು. ಊಟದ ಎಲೆಯ ಮುಂದೆ ಕೂತಾಗ ಒಂದು, ದನದ ಕೊಟ್ಟಿಗೆಯಲ್ಲಿ ನಿಂತಾಗ ಇನ್ನೊಂದು ಎಂದು ನಮಗೆ ತಿಳಿಯುತ್ತದೆ. ಯಂತ್ರಕ್ಕೆ ಎಲೆಯೂ ಕಾಣದು, ಕೊಟ್ಟಿಗೆಯೂ ಕಾಣದು. ಅದನ್ನು ಇಂಗ್ಲಿಷ್ ಲಿಪಿಯಲ್ಲಿ shenga hindi ಎಂದು ಬರೆದರಂತೂ ಹಿಂದೀ ಭಾಷೆಯ ಪುಸ್ತಕ ಹುಡುಕುವವನೂ ನಡುವೆ ಬಂದಾನು. ಹಾಗೆಂದು ಆ ಪದವನ್ನು ಬಿಡಬೇಕಿಲ್ಲ. ಒಂಟಿಯಾಗಿ ಇಡದೆ, ಚಟ್ನಿ ಎಂಬ ಮಾತಿನೊಡನೆ ಇಡಬೇಕು.

ಇದೇ ರೀತಿ peanut chutney ಎಂದರೆ ಬೆಂಗಳೂರು, ಹೈದರಾಬಾದಿನವರಿಗೆ ದೋಸೆಯೊಡನೆ ಬರುವ ಹಸಿ ಚಟ್ನಿ. ಆದುದರಿಂದ ಒಣದು ಎಂದು ತಿಳಿಸುವ dry ಎಂಬ ಒಂದು ಸಣ್ಣ ಪದವು ಹತ್ತು ಹೊಗಳಿಕೆಯ ಪದಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅದು ಕೆಲವು ಗಿರಾಕಿಗಳನ್ನು ಹೊರಗಿಡುತ್ತದೆ, ನಿಜ, ಹೊರಗುಳಿದವರು ಕೊಳ್ಳುವವರಲ್ಲ. ಚಟ್ನಿಯನ್ನು ಭಕ್ಕರಿಯೊಡನೆ ತಿನ್ನುತ್ತೇವೆಂದು bhakri ಎಂಬ ಪದವನ್ನು ಸೇರಿಸುವುದೂ ಹೀಗೆಯೇ ತಪ್ಪುತ್ತದೆ. ಆ ಪದ ಹುಡುಕುವವನಿಗೆ ರೊಟ್ಟಿ ಬೇಕು, ಚಟ್ನಿಯಲ್ಲ.

ಊರಿನ ಹೆಸರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. ಅಕ್ಕಲಕೋಟದ ಹೊಲದಲ್ಲಿ ಬೆಳೆದ ಜೋಳ ಎಷ್ಟೇ ಚೆನ್ನಾಗಿದ್ದರೂ, ಜನ ಹುಡುಕುತ್ತಾರೆಂದು ಅದಕ್ಕೆ ಮಂಗಳವೇಢೆಯ ಹೆಸರು ಹಚ್ಚುವುದು ಹೊಂದಿಕೆಯ ತಪ್ಪು ಮಾತ್ರವಲ್ಲ, 1999ರ ಕಾಯದೆಯಂತೆ ಅಪರಾಧವೂ ಹೌದು. ಬೇರೆ ವ್ಯಾಪಾರಿಯ ಸರಕಿನ ಹೆಸರನ್ನು ನಮ್ಮ ಪುಟದಲ್ಲಿ ಅಡಗಿಸಿಡುವುದನ್ನೂ ಅಂಗಡಿಗಳು ನಿಷೇಧಿಸಿವೆ.

ಯಾವ ಪದ ಇಡಬೇಕು

ಹೆಚ್ಚು ಪದಗಳೆಲ್ಲ ಕೆಡುಕೆಂದು ಇದರ ಅರ್ಥವಲ್ಲ. ಗಡಿಯಲ್ಲಿರುವ ನಮಗೆ ಒಂದು ಅನುಕೂಲವಿದೆ: ಒಂದೇ ಸರಕಿಗೆ ನಾಲ್ಕು ಭಾಷೆಯ ಹೆಸರು ನಮಗೆ ಗೊತ್ತು. ಕನ್ನಡಿಗನು ಶೇಂಗಾ ಎಂದರೆ ಮರಾಠಿಯವನು ಶೇಂಗದಾಣಾ, ಹಿಂದಿಯವನು ಮೂಂಗ್‌ಫಲಿ ಎನ್ನುತ್ತಾನೆ. ಬಳ್ಳೊಳ್ಳಿ ಅಲ್ಲಿ ಲಸೂಣ, ಇಲ್ಲಿ ಲಹಸುನ್. ಇವು ಹೆಚ್ಚಿನ ಪದಗಳಾದರೂ ಹೊಂದಿಕೆ ಕೆಡಿಸುವುದಿಲ್ಲ. ಏಕೆಂದರೆ ಯಾವ ಪದದಿಂದ ಬಂದರೂ ಗಿರಾಕಿಗೆ ಬೇಕಾದ ಸರಕು ಇದೇ. ಇವನ್ನು ಸರಕಿನ ಹೆಸರಿನಲ್ಲಿ ತುಂಬದೆ, ಮಾರುವವನಿಗೆ ಮಾತ್ರ ಕಾಣುವ Search Terms ಎಂಬ ಮನೆಯಲ್ಲಿ ಇಡಬೇಕು:

```
shengdana chatni moongphali lasun lehsun
```

ಹೆಸರಿನಲ್ಲಿ ಈಗಾಗಲೇ ಬಂದ ಪದವನ್ನು ಇಲ್ಲಿ ಮತ್ತೆ ಬರೆಯುವುದರಿಂದ ಪ್ರಯೋಜನವಿಲ್ಲ. ಈ ಮನೆಗೂ ಅಳತೆಯುಂಟು, ಅದನ್ನು ಬೈಟುಗಳಲ್ಲಿ ಎಣಿಸುತ್ತಾರೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟಾದರೆ, ಕನ್ನಡ, ಮರಾಠಿಗಳಲ್ಲಿ ಪ್ರತಿಯೊಂದು ಅಕ್ಷರಕ್ಕೂ, ಅದಕ್ಕೆ ಹತ್ತಿದ ಪ್ರತಿಯೊಂದು ಕಾಗುಣಿತ ಚಿಹ್ನೆಗೂ ಮೂರು ಮೂರು ಬೈಟು ಹಿಡಿಯುತ್ತದೆ. shenga ಎಂದು ಬರೆದರೆ 6 ಬೈಟು, ಶೇಂಗಾ ಎಂದು ಬರೆದರೆ 15. ಅಳತೆ ಮೀರಿ ತುಂಬಿದರೆ ಆ ಮನೆಯ ಒಳ್ಳೆಯ ಪದಗಳೂ ಲೆಕ್ಕಕ್ಕೆ ಬಾರದೆ ಹೋಗಬಹುದು. ತುಂಬುವ ಆಸೆ ಇಲ್ಲಿಯೂ ನಷ್ಟಕ್ಕೇ ದಾರಿ.

ಯಾವುದೇ ಪದವನ್ನು ಸೇರಿಸುವ ಮುಂಚೆ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಈ ಒಂದೇ ಮಾತನ್ನು ಕೇಳಿ ನಮ್ಮ ಬಾಗಿಲಿಗೆ ಬಂದವನ ಕೈಗೆ ಈ ಪೊಟ್ಟಣ ಕೊಟ್ಟರೆ, ‘ಇದೇ ಬೇಕಾಗಿತ್ತು’ ಎಂದಾನೋ, ‘ಇದಲ್ಲ’ ಎಂದಾನೋ? ಎರಡನೆಯದಾದರೆ ಆ ಪದ ಬೇಡ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಆ ಪದವನ್ನು ಅಂಗಡಿಯಲ್ಲಿ ನಾವೇ ಹುಡುಕಿ ನೋಡಬೇಕು. ಬರುವ ಮೊದಲ ಹತ್ತು ಸರಕುಗಳು ನಮ್ಮ ಚಟ್ನಿಯ ಜಾತಿಯವಾಗಿದ್ದರೆ ಪದ ಸರಿ. ಬೆಣ್ಣೆಯ ಡಬ್ಬಿಗಳೋ ಉಡುಗೊರೆಯ ಪೆಟ್ಟಿಗೆಗಳೋ ಬಂದರೆ ಅದು ನಮ್ಮ ಓಣಿಯಲ್ಲ.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ

ಮಾರುವವರಿಗೆ ಅಂಗಡಿಯು ಲೆಕ್ಕದ ಪಟ್ಟಿ ಕೊಡುತ್ತದೆ. ಜಾಹೀರಾತು ಕೊಟ್ಟವರಿಗಂತೂ ಗಿರಾಕಿ ಬರೆದ ಮಾತು, ಕಂಡ ಸಲ, ತೆರೆದ ಸಲ, ಮಾರಾಟ ಇವು ಪದಪದಕ್ಕೂ ಸಿಗುತ್ತವೆ. ಕಂಡದ್ದು ಏರಿ, ತೆರೆದವರ ಪ್ರಮಾಣ ಇಳಿದರೆ ಪದಗಳು ಹೊಂದುತ್ತಿಲ್ಲ ಅಥವಾ ಹೆಸರು ಗೊಂದಲವಾಗಿದೆ. ತೆರೆದವರು ಹಿಂದಿನಷ್ಟೇ ಇದ್ದು ಕೊಂಡವರು ಇಳಿದರೆ, ಯಾವ ಪದದಿಂದ ಬಂದವರು ಕೊಳ್ಳುತ್ತಿಲ್ಲವೆಂದು ಹುಡುಕಬೇಕು. ಎಲ್ಲ ಪದಗಳಲ್ಲಿಯೂ ಒಂದೇ ಸಮನೆ ಇಳಿದಿದ್ದರೆ ದೋಷ ಪದದ್ದಲ್ಲ; ಬೆಲೆ, ಚಿತ್ರ, ಇಲ್ಲವೆ ತಲುಪುವ ದಿನಗಳನ್ನು ನೋಡಬೇಕು.

ಇಲ್ಲಿ ಅವಸರ ಸಲ್ಲದು. ನೂರರಲ್ಲಿ ಎಂಟು ಜನ ಕೊಳ್ಳುತ್ತಿದ್ದದ್ದು ಒಂದು ವಾರ ಆರಾದರೆ ಅದು ಬರಿಯ ಏರಿಳಿತವಿದ್ದೀತು. ದೀಪಾವಳಿಯ ವಾರವನ್ನು ಸಾದಾ ವಾರದೊಡನೆ ಹೋಲಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಹೆಸರು ಬದಲಿಸಿದ ತಿಂಗಳು ಬೆಲೆಯನ್ನು ಮುಟ್ಟಬಾರದು. ಹೊಲದಲ್ಲಿ ಗೊಬ್ಬರವನ್ನೂ ಬೀಜವನ್ನೂ ಒಂದೇ ವರ್ಷ ಬದಲಿಸಿದರೆ ಇಳುವರಿ ಯಾವುದರಿಂದ ಬಂದಿತೆಂದು ತಿಳಿಯದಷ್ಟೇ ಇದೂ. ಹಳೆಯ ಹೆಸರನ್ನೂ, ಬದಲಿಸಿದ ತಾರೀಖನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ನಾಲ್ಕು ವಾರ ಕಾಯ್ದು, ಕನಿಷ್ಠ ನೂರಿನ್ನೂರು ಜನ ತೆರೆದ ಮೇಲೆ ಲೆಕ್ಕ ಹಾಕಬೇಕು.

ಮೇಲಿನ ಗುಂಪಿನವರು ಮಾಡಬೇಕಾದುದೂ ಇಷ್ಟೇ. ಹೆಸರನ್ನು ಮೊದಲಿನಂತೆ ಮಾಡಿ, ಶೇಂಗದಾಣಾ, ಮೂಂಗ್‌ಫಲಿಯಂಥ ನಿಜವಾದ ಹೆಸರುಗಳನ್ನು ಒಳಮನೆಗೆ ಹಾಕಿ, ಬೆಣ್ಣೆ, ಇಡ್ಲಿ ಪುಡಿ, ಉಡುಗೊರೆಗಳನ್ನು ತೆಗೆಯಬೇಕು. ಜಾಹೀರಾತಿನಲ್ಲಿ ಆ ಮಾತುಗಳಿಗೆ ನಮ್ಮ ಪೊಟ್ಟಣ ತೋರಿಸಬಾರದೆಂದು ತಡೆಪದಗಳ ಪಟ್ಟಿ ಮಾಡಲು ಬರುತ್ತದೆ, ಅದನ್ನೂ ಮಾಡಬೇಕು. ಮೊದಲ ವಾರಗಳಲ್ಲಿ ಕಂಡ ಸಲಗಳ ಅಂಕಿ ಇಳಿಯುತ್ತದೆ. ಅದಕ್ಕೆ ಅಂಜಿ ಮತ್ತೆ ಪದ ತುಂಬಬಾರದು. ಕೆಳಗೆ ಸರಿದ ಸ್ಥಾನ ಒಂದೇ ದಿನದಲ್ಲಿ ಮೇಲೇರದು. ಕೊಳ್ಳುವವರು ಮತ್ತೆ ಕೊಳ್ಳತೊಡಗಿದಂತೆ ಏರುತ್ತದೆ. ನೋಡಬೇಕಾದ ಅಂಕಿ ಎಷ್ಟು ಜನ ಕಂಡರೆಂಬುದಲ್ಲ, ತೆರೆದ ನೂರು ಜನರಲ್ಲಿ ಎಷ್ಟು ಜನ ಪೊಟ್ಟಣ ತರಿಸಿಕೊಂಡರೆಂಬುದು.